ಮಾನಪ್ಪನ ನಾಲ್ಕು ಕಲ್ಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಿಂದಗಿಯ ತಾಲೂಕು ಕಚೇರಿಗೆ ಬಂದುಹೋಗುವ ಮಂದಿಗೆಲ್ಲ ಇದು ಗೊತ್ತು. ಕಚೇರಿಯ ಗೇಟಿನ ಮಗ್ಗುಲಿಗೆ, ರಸ್ತೆ ಬದಿಗೆ ಮೇಜು ಹಾಕಿಕೊಂಡು ಇಪ್ಪತ್ತೇಳು ವರ್ಷದಿಂದ ಅರ್ಜಿ, ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ ಬರೆದು ಹೊಟ್ಟೆ ಹೊರೆದವನು ನಾನು, ಚಾಂದಸಾಬ. ಯಾವ ಜಾಗ ಯಾರದು ಎಂದು ಕಾಗದದ ಮೇಲೆ ಬರೆಯುವುದೇ ನನ್ನ ಕಸುಬು. ಅಂಥ ನಾನು ಮಾನಪ್ಪನ ಜಾಗದ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಈಗ ಹೇಳುತ್ತೇನೆ. ಓದಿದವರು ಬಯ್ಯುವುದಿದ್ದರೆ ಬಯ್ಯಲಿ.

ಮಾನಪ್ಪ ಮೋರಟಗಿಯವನು, ಚಹಾದ ಗಾಡಿಯವನು. ಎತ್ತರದ ಆಳು, ಮಾತು ಕಡಿಮೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ತನ್ನ ಹೆಸರು ಬರೆಯುವುದೊಂದನ್ನು ನಾನೇ ಕಲಿಸಿದ್ದೆ, ಅದೂ ನನ್ನ ಸ್ವಾರ್ಥಕ್ಕೆ. ಕಾಗದಪತ್ರ ಎಂದ ಮೇಲೆ ಸಾಕ್ಷಿ ಬೇಕಾಗುತ್ತದೆ. ಹಳ್ಳಿಯಿಂದ ಬಂದವರು ಒಬ್ಬ ಸಾಕ್ಷಿ ಕರೆತಂದಿದ್ದರೆ ಇನ್ನೊಬ್ಬನನ್ನು ಮರೆತಿರುತ್ತಾರೆ. ಆಗ ನಾನು ಕೈ ಎತ್ತಿ ಕರೆಯುತ್ತಿದ್ದೆ. ಮಾನಪ್ಪ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು, ನನ್ನ ಸಹಿಯ ಪಕ್ಕದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಜೋಡಿಸಿ ಹೋಗುತ್ತಿದ್ದ. ಅದಕ್ಕೆ ಒಂದು ಪೈಸೆಯನ್ನೂ ಯಾರಿಂದಲೂ ಮುಟ್ಟಿದವನಲ್ಲ. ಕೆಲಸ ಮುಗಿದರೆ ಖರೀದಿ ಹಿಡಿದವರು ಅಲ್ಲಿ ನಿಂತವರಿಗೆಲ್ಲ ಚಹಾ ಹೇಳುತ್ತಿದ್ದರು, ಅವನಿಗೆ ಅಷ್ಟೇ ಸಾಕಿತ್ತು.

ಗಾಡಿಯವರು ನೂರು ಮಂದಿ ಇದ್ದಾರೆ, ಜಾಗ ಆರಿಸುವುದರಲ್ಲಿ ಮಾನಪ್ಪನ ತಲೆ ಯಾರಿಗೂ ಇಲ್ಲ. ಇದನ್ನು ಅವನ ಮೇಲೆ ಉರಿದುಕೊಂಡಿದ್ದ ದಿನಗಳಲ್ಲೂ ನಾನು ಒಪ್ಪುತ್ತಿದ್ದೆ. ಮೊದಲಿಗೆ ಎಲ್ಲರಂತೆ ಅವನೂ ಬಸ್‌ಸ್ಟ್ಯಾಂಡಿನ ಬಾಯಿಗೆ ಗಾಡಿ ಹಚ್ಚಿದ್ದನಂತೆ. ಮಂದಿ ಇರುವೆ ಸಾಲಿನಂತೆ ಹೋಗುತ್ತಿದ್ದರೂ ಸಂಜೆಗೆ ಹಾಲು ಉಳಿಯುತ್ತಿತ್ತಂತೆ. ಆಮೇಲೆ ಹತ್ತಿ ಮಿಲ್ಲಿನ ಗೇಟಿಗೆ ಹೋದ. ಅಲ್ಲಿ ಸುಗ್ಗಿಯ ಎರಡು ಮೂರು ತಿಂಗಳು ಕೈ ಬಿಡುವಿಲ್ಲ, ಉಳಿದ ತಿಂಗಳು ನಾಯಿಯೂ ಮೂಸುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಾಡಿ ಇಲ್ಲದೆ ಬರಿಗೈಯಲ್ಲಿ ಬಂದು ನನ್ನ ಮೇಜಿನ ಆಚೆಗಿನ ಬೇವಿನ ಗಿಡದ ಬುಡಕ್ಕೆ ಕೂತ. ಮಾರನೆಯ ದಿನವೂ ಬಂದ. ಹೀಗೆ ಎಂಟು ದಿನ. ಎಡಗಡೆಯ ಕಿಸೆಯಿಂದ ಹುಣಸೆ ಬೀಜ ತೆಗೆದು ಬಲಗಡೆಯ ಕಿಸೆಗೆ ಹಾಕುತ್ತಿದ್ದ. ಮಾಟ ಮಾಡಲು ಬಂದವನಿರಬೇಕು ಎಂದು ನಾನು ರೇಗಿದೆ.

"ಏನ್ ಎಣಸಾಕತ್ತಿಯೋ ಮಾರಾಯಾ? ಹಾದಿ ಮ್ಯಾಲ ಹೋಗೋರನ್ನ ಏನ್?"

"ಹೋಗೋರನ್ನ ಎಣಸಿ ಏನ್ ಮಾಡೂದ್ರಿ," ಎಂದ. "ನಿಂತೋರನ್ನ ಎಣಸಾಕತ್ತೇನಿ. ನಡಿಯೋ ಮನಷ್ಯಾ ಚಾ ಕುಡಿಯೂದಿಲ್ಲ. ನಿಂತಾವ ಕುಡಿತಾನ."

ಅವನ ವಿದ್ಯೆ ಇಷ್ಟೇ ಆಗಿತ್ತು. ಹೊಲದ ಪಹಣಿ ಉತಾರಕ್ಕೆ ಬಂದವನು ನಿಲ್ಲುತ್ತಾನೆ, ಸರ್ವರ್ ಬಿದ್ದರೆ ಎಲ್ಲರೂ ನಿಲ್ಲುತ್ತಾರೆ, ಸಾಹೇಬರು ಮೀಟಿಂಗಿಗೆ ಹೋದರೆ ಊಟದ ಹೊತ್ತಿನವರೆಗೂ ನಿಲ್ಲುತ್ತಾರೆ. ಆದರೆ ಗೇಟಿನ ನೇರಕ್ಕೆ ಗಾಡಿ ಹಚ್ಚಬಾರದು. ಅಲ್ಲಿ ಜೀಪು ಬರುತ್ತವೆ, ಪೊಲೀಸರು ಎಬ್ಬಿಸುತ್ತಾರೆ. ಒಳಗೆ ಹೋಗುವ ಮಗ್ಗುಲಿಗೂ ಬೇಡ, ಹೋಗುವವನಿಗೆ ಅವಸರ. ಹೊರಗೆ ಬರುವ ಮಗ್ಗುಲಿಗೆ ಹಚ್ಚಬೇಕು. ಗಾಳಿ ಪಡುವಣದಿಂದ ಬೀಸಿದರೆ ಒಲೆಯ ಹೊಗೆ ನಿಂತವರ ಮುಖಕ್ಕೆ ಹೊಡೆಯಬಾರದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಗಾಡಿಯ ಹತ್ತಿರ ನಿಂತವನಿಗೆ ಕಚೇರಿಯ ಬಾಗಿಲು ಕಾಣಬೇಕು. ಬಾಗಿಲು ಕಾಣದಿದ್ದರೆ ತನ್ನ ಹೆಸರು ಕೂಗಿಬಿಟ್ಟರೇನೋ ಎಂಬ ಅಂಜಿಕೆ. ಅಂಜಿಕೊಂಡವನು ಅರ್ಧ ಕಪ್ಪು ಕುಡಿದು ಓಡುತ್ತಾನೆ, ಎರಡನೆಯದು ಹೇಳುವುದಿಲ್ಲ.

ಬೇವಿನ ಗಿಡಕ್ಕೂ ಗಟಾರದ ಮೇಲಿನ ಹಾಸುಗಲ್ಲಿಗೂ ನಡುವೆ ಒಂದೇ ಒಂದು ಗಾಡಿ ಹಿಡಿಸುವ ಜಾಗ. ಇವೆಲ್ಲವೂ ಕೂಡಿ ಬಂದಿದ್ದು ಅಲ್ಲೊಂದೇ ಕಡೆ. ಒಂಬತ್ತನೆಯ ದಿನ ಮಾನಪ್ಪ ಊರಿನ ಹೊಲದಿಂದ ನಾಲ್ಕು ಕರಿಕಲ್ಲು ತಂದು ಗಾಲಿಗೆ ಅಡ್ಡ ಇಟ್ಟ. ಈ ಕಲ್ಲಿನ ಮಾತು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸಂಜೆ ಗಾಡಿ ಮನೆಗೆ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತವೆ. ಕಲ್ಲು ಇದ್ದಲ್ಲಿ ಇನ್ನೊಬ್ಬ ಗಾಡಿ ಹಚ್ಚುವುದಿಲ್ಲ. ಹಬ್ಬಕ್ಕೆ ಹೋಗಲಿ, ಜಡ್ಡು ಬಿದ್ದು ತಿಂಗಳು ಮಲಗಲಿ, ಕಲ್ಲು ಸರಿಸುವ ಕೈ ನಮ್ಮ ಸಾಲಿನಲ್ಲಿ ಇರಲಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆಯುವವನು ನಾನೇ ಪಕ್ಕದಲ್ಲಿದ್ದರೂ ಬರೆಯಿರಿ ಎಂದು ಯಾರೂ ಕೇಳಲಿಲ್ಲ.

ಈಗ ನನ್ನ ಉರಿಯ ಕಾರಣ ಹೇಳಬೇಕು. ಕೇಳಿದರೆ ನಗುತ್ತೀರಿ. ಬೇವಿನ ನೆರಳು ಬೆಳಿಗ್ಗೆ ನನ್ನ ಮೇಜಿನ ಮೇಲಿರುತ್ತದೆ. ಹನ್ನೊಂದಕ್ಕೆ ಜಾರಿ ಮಾನಪ್ಪನ ಗಾಡಿಯ ಕಡೆಗೆ ಹೋಗುತ್ತದೆ. ಅಲ್ಲಿಂದ ಮೂರೂವರೆಯ ತನಕ ನನ್ನ ತಲೆಯ ಮೇಲೆ ಬಿಸಿಲು. ನಮ್ಮ ಸೀಮೆಯ ಏಪ್ರಿಲ್ ಬಿಸಿಲು ಎಂದರೆ ಹುಡುಗಾಟವಲ್ಲ, ಮೇಜಿನ ಮೇಲಿಟ್ಟ ಸ್ಟಾಂಪಿನ ಪ್ಯಾಡು ಒಣಗಿ ಹಪ್ಪಳವಾಗುತ್ತದೆ. ಗಾಡಿಗೆ ಒಂದು ತಾಡಪತ್ರಿ ಕಟ್ಟಿ ಈ ಕಡೆಗೆ ಇಳಿಬಿಡು, ಇಬ್ಬರಿಗೂ ನೆರಳಾಗುತ್ತದೆ ಎಂದು ನಾನು ಪ್ರತಿ ಬೇಸಿಗೆಗೂ ಅವನಿಗೆ ಹೇಳುತ್ತಿದ್ದೆ.

"ಆಗೂದಿಲ್ರಿ ಚಾಂದಸಾಬ್ರ. ತಾಡಪತ್ರಿ ಇಳಿಬಿಟ್ರ ಬಾಗಿಲ ಮರಿ ಆಗ್ತೈತಿ."

"ನನ್ನ ತಲಿ ಕಾದು ಒಡದು ಹೋದ್ರೂ ನಡಿತೈತಿ, ನಿನ್ನ ಬಾಗಿಲ ಮಾತ್ರ ಕಾಣಬೇಕು ಹೌದಿಲ್ಲೋ?"

"ನಿಮಗ ಒಂದ ಕೊಡಿ ತಂದು ಕೊಡ್ತೇನ್ರಿ," ಎಂದ. ತಂದೂ ಕೊಟ್ಟ. ಆ ಕೊಡೆ ಮೊದಲನೆಯ ಗಾಳಿಗೇ ಮುರಿಯಿತು. ಹತ್ತೊಂಬತ್ತು ವರ್ಷ ಅವನ ಚಹಾ ಕುಡಿದೆ, ಹತ್ತೊಂಬತ್ತು ವರ್ಷ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡೆ. ಗಂಡಸರು ಹೊಲದ ಬದುವಿಗಾಗಿ ಕೋರ್ಟಿಗೆ ಹೋಗುವುದನ್ನು ನೋಡಿ ನಗುತ್ತಿದ್ದವನು ನಾನು.

ಕಳೆದ ದೀಪಾವಳಿ ಆದ ಮೇಲೆ ಮಾನಪ್ಪನ ಹೆಂಡತಿ ಇಂದುಬಾಯಿಗೆ ಕಾಲು, ಮುಖ ಬಾತುಕೊಂಡವು. ವಿಜಯಪುರಕ್ಕೆ ಒಯ್ದರೆ ಎರಡೂ ಕಿಡ್ನಿ ಹೋಗಿವೆ ಎಂದರು. ಮಾನಪ್ಪ ಗಾಡಿ ಬಂದ್ ಮಾಡಿ ಆಸ್ಪತ್ರೆಗೆ ಕೂತ. ಹೋಗುವ ಮುಂಚಿನ ದಿನ ಸುನಂದಾಳನ್ನು ಕರೆದುಕೊಂಡು ಬಂದು ಆ ಜಾಗ ತೋರಿಸಿದ. ಸುನಂದಾ ಬಸ್‌ಸ್ಟ್ಯಾಂಡಿನ ಹಿಂದೆ ಆರು ವರ್ಷದಿಂದ ಚುರಮುರಿ ಸುಸಲಾ, ಮಿರ್ಚಿ, ಉಪ್ಪಿಟ್ಟು ಮಾರುವ ಹೆಣ್ಣುಮಗಳು. ಗಂಡ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಉಳಿದ ದಿನ ಮನೆಯಲ್ಲಿರುತ್ತಾನೆ. ಎರಡು ಹೆಣ್ಣುಮಕ್ಕಳು. ಬಸ್‌ಸ್ಟ್ಯಾಂಡಿನ ಹಿಂದಿನ ಆ ಜಾಗದಲ್ಲಿ ಮಾಡಿದ್ದು ಅರ್ಧ ಉಳಿಯುತ್ತಿತ್ತು.

"ನಾ ಬರೂತನಾ ನೀ ನಿಂದರವ್ವಾ," ಎಂದ ಮಾನಪ್ಪ. "ಜಾಗಾ ಸುಮ್ನ ಬಿಟ್ರ ನಿಂತು ಕುಡಿಯೂ ಮಂದಿಗೆ ರೂಢಿ ತಪ್ಪತೈತಿ. ಚಾ ಸೈತ ಮಾಡು."

"ಬಾಡಗಿ ಏನರೆ ಕೊಡ್ಲೇನ್ ಕಾಕಾ?"

"ರಸ್ತಾ ನಂದ್ ಏನವ್ವಾ, ಬಾಡಗಿ ತಗೊಳ್ಳಾಕ? ಕಲ್ಲ ಅಷ್ಟ ನನ್ನವು."

ಸುನಂದಾ ಬಂದಳು, ಬಂದ ಎಂಟೇ ದಿನಕ್ಕೆ ನೀಲಿ ತಾಡಪತ್ರಿ ಕಟ್ಟಿದಳು. ಕಾಯುತ್ತಿದ್ದ ಎಣ್ಣೆಗೆ ಧೂಳು ಬೀಳಬಾರದು ಎಂಬುದು ಅವಳ ಕಾರಣ. ತಾಡಪತ್ರಿಯ ಒಂದು ಅಂಚು ನನ್ನ ಮೇಜಿನ ಮೇಲಕ್ಕೆ ಬಂತು. ನಾನು ಕೇಳದೆಯೇ ಹಗ್ಗ ಎಳೆದು ನನ್ನ ಕುರ್ಚಿಯ ಹಿಂದಿನ ಕಂಬಕ್ಕೆ ಬಿಗಿದಳು. "ಬಿಸಲಾಗ ಹೆಂಗ ಕುಂದರ್ತೀರಿ ಕಾಕಾ, ವಯಸ್ಸಾದವರು," ಎಂದಳು. ಹತ್ತು ಗಂಟೆಗೆ ಒಂದು ತಾಟು ಬಿಸಿ ಸುಸಲಾ ನನ್ನ ಮೇಜಿಗೆ ಬರುತ್ತಿತ್ತು, ಮೇಲೆ ಪುಟಾಣಿ ಪುಡಿ, ಪಕ್ಕಕ್ಕೆ ಒಂದು ಮಿರ್ಚಿ. ದುಡ್ಡು ಕೊಡಲು ಹೋದರೆ ಮುಖ ತಿರುಗಿಸುತ್ತಿದ್ದಳು. ಅರವತ್ತೊಂದು ವರ್ಷದ ನನಗೆ ಜೀವನದಲ್ಲಿ ಮೊದಲ ಸಲ ದಿನವಿಡೀ ನೆರಳಿನಲ್ಲಿ ಕೂತು ಬರೆಯುವ ಸುಖ ಸಿಕ್ಕಿತು. ನೆರಳು ಇದ್ದಲ್ಲಿಗೆ ಮಂದಿಯೂ ಬಂದು ಕೂತರು, ನನ್ನ ಕೆಲಸವೂ ಹೆಚ್ಚಾಯಿತು. ಚಹಾ ಕುಡಿಯುವವರು ಮಾತ್ರ ತಾಡಪತ್ರಿ ಎತ್ತಿ ಎತ್ತಿ ಬಾಗಿಲು ನೋಡುತ್ತಿದ್ದರು. ಅದನ್ನು ನೋಡಿದರೂ ನೋಡದವನಂತೆ ಇದ್ದೆ.

ಏಪ್ರಿಲ್ ತಿಂಗಳಲ್ಲಿ ಪುರಸಭೆಯ ಆಟೋ ಮೈಕು ಕಟ್ಟಿಕೊಂಡು ಬಂತು. ಬೀದಿ ಬದಿ ವ್ಯಾಪಾರಿಗಳ ಸಮೀಕ್ಷೆ ಮೂರು ದಿನ ನಡೆಯುತ್ತದೆ, ಎಲ್ಲರೂ ಆಧಾರ ಕಾರ್ಡು ಹಿಡಿದು ತಮ್ಮ ತಮ್ಮ ಜಾಗದಲ್ಲಿ ಹಾಜರಿರಬೇಕು, ಫೋಟೋ ತೆಗೆದು ಜಾಗ ನಮೂದಿಸಿ ಗುರುತಿನ ಕಾರ್ಡು ಕೊಡುತ್ತೇವೆ, ಕಾರ್ಡು ಇದ್ದವರಿಗೆ ಬ್ಯಾಂಕಿನ ಸಾಲವೂ ಸಿಗುತ್ತದೆ ಎಂದು ಕೂಗಿಕೊಂಡು ಹೋಯಿತು. ನನ್ನಂಥವನಿಗೆ ಬಿಡಿಸಿ ಹೇಳಬೇಕೇ? ಇನ್ನು ಮುಂದೆ ಕಲ್ಲಿನ ಮಾತು ನಡೆಯುವುದಿಲ್ಲ, ಫೋಟೋದಲ್ಲಿ ಯಾರಿದ್ದಾರೋ ಜಾಗ ಅವರದು. ಕೇಳಿದ ಕ್ಷಣಕ್ಕೇ ತಿಳಿಯಿತು. ಮಾನಪ್ಪನಿಗೆ ಫೋನು ಮಾಡಬೇಕು ಎಂದೂ ಅನ್ನಿಸಿತು. ಸಂಜೆ ಮಾಡಿದರಾಯಿತು ಎಂದುಕೊಂಡೆ, ಸಂಜೆ ಮಾಡಲಿಲ್ಲ.

ಮಾರನೆಯ ದಿನ ಮಾನಪ್ಪನೇ ಫೋನು ಮಾಡಿದ.

"ಆರಾಮ ಅದೀರಿಲ್ರಿ ಚಾಂದಸಾಬ್ರ?"

"ಆರಾಮ. ಇಂದುಬಾಯಿ ಹೆಂಗದಾಳ?"

"ಅದಾಳ್ರಿ. ವಾರಕ್ಕ ಎರಡ ಸಲ ಮಷೀನಿಗೆ ಹಾಕಿ ರಕ್ತ ತೊಳಿಸಬೇಕಂತ. ಮಂಗಳವಾರ, ಶುಕ್ರವಾರ. ಜೀವ ಇರೂತನಾ ಹಿಂಗಂತ." ಆಮೇಲೆ ಕೇಳಬೇಕಾದ ಮಾತಿಗೆ ಬಂದ. "ಬರೂ ಸೋಮವಾರದಿಂದ ಗಾಡಿ ಹಚ್ಚತೇನ್ರಿ. ಆ ಎರಡ ದಿನ, ಕಚೇರಿ ಬಂದ್ ಇರೂ ಐತವಾರ ಬಿಟ್ರ ನಾಕ ದಿನ ಸಿಗ್ತಾವು. ನಾಕ ದಿನದಾಗ ಏಳ ದಿನದ್ದು ದುಡಿಬೇಕು. ಬ್ಯಾರೆ ಕಡೆ ಅದು ಆಗೂ ಮಾತಲ್ಲ, ನಮ್ಮ ಜಾಗಾ ಐತೆಂತ ಧೈರ್ಯ ಐತ್ರಿ. ಕಲ್ಲ ಅದಾವಲ್ರಿ?"

ನಾನು ಮೇಜಿನ ಆಚೆಗೆ ನೋಡಿದೆ. ಸುನಂದಾಳ ಗಾಡಿಯ ಗಾಲಿಗೆ ಅವು ನಾಲ್ಕೂ ಇದ್ದವು.

"ಅದಾವ," ಎಂದೆ.

ಸುಳ್ಳು ಹೇಳಲಿಲ್ಲ ನೋಡಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ. ಇಪ್ಪತ್ತೇಳು ವರ್ಷ ಕಾಗದ ಬರೆದವನಿಗೆ ಬೇಕಾದ್ದನ್ನು ಬಿಟ್ಟು ಬರೆಯುವ ಕಲೆ ಚೆನ್ನಾಗಿ ಬರುತ್ತದೆ. ಆ ಹೊತ್ತಿನಲ್ಲಿ ಅವನು ಬಸ್ಸು ಹಿಡಿದಿದ್ದರೂ ಸಾಕಿತ್ತು, ಮಾರನೆಯ ಬೆಳಿಗ್ಗೆ ತನ್ನ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ನಾಳೆ ಬಾ ಎಂಬ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮಧ್ಯಾಹ್ನದ ಒಂದು ಗಂಟೆ, ಹೊರಗೆ ಬೆಂಕಿಯಂಥ ಬಿಸಿಲು, ನಾನು ನೀಲಿ ನೆರಳಿನಲ್ಲಿ ಕೂತಿದ್ದೆ.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಸಮೀಕ್ಷೆಯವರು ನಮ್ಮ ಸಾಲಿಗೆ ಬಂದರು. ವಿಜಯಶ್ರೀ ಎಂಬ ಹುಡುಗಿ, ಕೈಯಲ್ಲಿ ಮೊಬೈಲು ಮತ್ತು ಫಾರ್ಮು. ಸುನಂದಾಳನ್ನು ಗಾಡಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ಆಧಾರ ನಂಬರು ಬರೆದುಕೊಂಡಳು.

"ಈ ಜಾಗದಾಗ ಎಷ್ಟು ವರ್ಷದಿಂದ ಅದೀರಿ ಅಕ್ಕಾರ?"

ಸುನಂದಾ ಬಾಯಿ ತೆರೆದಳು, ನನ್ನ ಕಡೆಗೆ ನೋಡಿದಳು. ಅವಳು ಆಗ ಏನು ಹೇಳುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಖರೇ ಹೇಳುತ್ತಿದ್ದಳು ಎಂದೇ ನನ್ನ ಮನಸ್ಸು ಹೇಳುತ್ತದೆ. ನಾನು ಬಿಡಲಿಲ್ಲ.

"ಆರ ವರ್ಷ ಆತವಾ," ಎಂದೆ.

"ನೀವು ಬಾಜೂಕ ಇರ್ತೀರಲ್ರಿ ಅಜ್ಜಾರ? ಅಕ್ಕಪಕ್ಕದವರ ಒಂದ ಸಹಿ ಬೇಕಿತ್ತು," ಎಂದು ವಿಜಯಶ್ರೀ ಫಾರ್ಮನ್ನು ನನ್ನ ಮೇಜಿನ ಮೇಲೆ ಇಟ್ಟಳು. ಆ ಕಾಲಮ್ಮಿನಲ್ಲಿ 'ಸದರಿ ಸ್ಥಳದಲ್ಲಿ' ಎಂದು ಅಚ್ಚಾಗಿತ್ತು. ಓದಿದೆ. ಸುನಂದಾ ವ್ಯಾಪಾರ ಮಾಡುತ್ತಿರುವುದು ಆರು ವರ್ಷ ಹೌದಲ್ಲ, ಜಾಗ ಬೇರೆ ಇದ್ದರೇನು ಎಂದು ನನಗೆ ನಾನೇ ವಕೀಲನಾದೆ. ಸಹಿ ಮಾಡಿದೆ. ನನ್ನ ಸಹಿಗೆ ಕೆಳಗೆ ಒಂದು ಉದ್ದ ಬಾಲ ಇದೆ, ಬಾಲದ ತುದಿಗೆ ಎರಡು ಚುಕ್ಕಿ. ಆ ದಿನ ಬಾಲ ಎಂದಿಗಿಂತ ಉದ್ದ ಬಂತು.

ಹುಡುಗಿ ಹೋದ ಮೇಲೆ ಸುನಂದಾ ಬಹಳ ಹೊತ್ತು ಬಾಣಲೆ ತಿಕ್ಕಿದಳು.

"ಕಾಕಾ, ಮಾನಪ್ಪ ಕಾಕಾ ಬಂದ್ರ ಏನ್ ಹೇಳೂದು?"

"ನೀ ಏನೂ ಹೇಳಬ್ಯಾಡ. ನಾ ಅದೇನಿ," ಎಂದೆ, ಏನೂ ಆಗದವನಂತೆ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮಾನಪ್ಪ ಗಾಡಿ ದಬ್ಬಿಕೊಂಡು ಬಂದ. ಐದು ತಿಂಗಳಲ್ಲಿ ಅರ್ಧಕ್ಕೆ ಇಳಿದಿದ್ದ. ಗಾಡಿಗೆ ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದ. ಸುನಂದಾ ಆಗಲೇ ಬಂದು ಒಗ್ಗರಣೆ ಹಾಕಿದ್ದಳು. ಅವನನ್ನು ಕಂಡು ಸವುಟು ಕೆಳಗಿಟ್ಟಳು. ಅವನು ನಗುತ್ತಾ, "ಹೆಂಗ ನಡದೈತವ್ವಾ," ಎಂದ. ಅವಳು ಡಬ್ಬಿಯೊಳಗಿಂದ ಫಾರ್ಮಿನ ಜೆರಾಕ್ಸು ತೆಗೆದು ಅವನ ಕೈಗೆ ಕೊಟ್ಟಳು. ಕಣ್ಣಲ್ಲಿ ನೀರು ಬಂದಿತ್ತು.

"ಸರ್ವೆ ಮಾಡಿ ಹೋದ್ರು ಕಾಕಾ. ಜಾಗಾ ನನ್ನ ಹೆಸರಿಗೆ ಬರದಾರ. ಇನ್ನ ನಾ ಬಿಟ್ರ ಕಾರ್ಡ್ ರದ್ದ ಮಾಡ್ತಾರಂತ. ಬ್ಯಾರೇದವರಿಗೆ ಕೊಡಾಕೂ ಬರೂದಿಲ್ಲಂತ. ಹುಡುಗ್ಯಾರನ್ನ ಕಟಗೊಂಡು ಮತ್ತ ಬಸ್‌ಸ್ಟ್ಯಾಂಡಿಗೆ ಹೋಗೂದಂದ್ರ ನನಗ ಜೀವ ಹೋಕ್ಕೈತಿ."

ಮಾನಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಪೆನ್ನು ಹುಡುಕುವವನಂತೆ ಡ್ರಾಯರಿನಲ್ಲಿ ಕೈ ಆಡಿಸುತ್ತಿದ್ದೆ. ಅವನು ನನ್ನ ಮೇಜಿನ ಹತ್ತಿರ ಬಂದು ಕಾಗದದ ಕೆಳಗಿನ ಮೂಲೆಗೆ ಬೆರಳಿಟ್ಟ.

"ಇದು ನಿಮ್ಮ ಸಹಿ ಅಲ್ಲೇನ್ರಿ?"

ನೂರಾರು ಸಲ ಆ ಬಾಲದ ಪಕ್ಕದಲ್ಲೇ ಅವನು ತನ್ನ ಹೆಸರು ಬರೆದಿದ್ದ. ಅಕ್ಷರ ಬರದಿದ್ದರೂ ಅದನ್ನು ಅವನು ಮರೆಯುವ ಹಾಗಿರಲಿಲ್ಲ, ಅದು ನನಗೆ ಹೊಳೆದಿರಲೇ ಇಲ್ಲ.

"ಹೌದು," ಎಂದೆ.

"ಫೋನ್ ಮಾಡಿದ್ನೆಲ್ರಿ ನಾ. ಆಗ ಸರ್ವೆ ನಡದಿತ್ತೇನ್ರಿ?"

"ನಡದಿತ್ತು."

ಅವನು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಬಾಯಿಗೆ ಬಾಯಿ ಕೊಡುವುದು ನನಗೆ ಸುಲಭ. ತಲೆ ಎತ್ತಿ ನೀಲಿ ತಾಡಪತ್ರಿ ನೋಡಿದ. ಅದರ ಹಗ್ಗ ನನ್ನ ಕುರ್ಚಿಯ ಹಿಂದಿನ ಕಂಬಕ್ಕೆ ಬಂದದ್ದನ್ನು ನೋಡಿದ. ಆಮೇಲೆ ಕಾಗದ ಸುನಂದಾಳಿಗೆ ಕೊಟ್ಟು, "ಹುಡುಗ್ಯಾರು ಸಣ್ಣವು ಅದಾವು, ನಿಂದರು," ಎಂದ. ಕಲ್ಲು ಮುಟ್ಟಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ.

 ಹತ್ತು ಗಂಟೆಗೆ ಸುಸಲಾ ಬಂತು, ತಾಟು ಹಾಗೇ ವಾಪಸು ಕಳಿಸಿದೆ.

ಆ ವಾರ ಅವನು ಜಾಗ ಹುಡುಕುತ್ತಾ ಊರೆಲ್ಲ ಗಾಡಿ ದಬ್ಬಿದ. ಎಲ್ಲಿ ನೆರಳಿದೆಯೋ ಅಲ್ಲಿ ಒಬ್ಬರ ಫೋಟೋ ಆಗಿತ್ತು, ಎಲ್ಲಿ ಮಂದಿ ನಿಲ್ಲುತ್ತಾರೋ ಅಲ್ಲಿ ಒಬ್ಬರ ಹೆಸರು ಬರೆದಾಗಿತ್ತು. ಬ್ಯಾಂಕಿನ ಮುಂದೆ ಒಂದು ದಿನ ನಿಂತ, ಅಲ್ಲಿಯ ಗಾಡಿಯವನು ಸಮೀಕ್ಷೆಯ ಚೀಟಿ ತೋರಿಸಿದ. ಹತ್ತಿ ಮಿಲ್ಲು ಬೇಸಿಗೆಗೆ ಬಂದ್. ಎಂಟು ದಿನ ಕೂತು ಬೀಜ ಎಣಿಸಿ ಜಾಗ ನೋಡುತ್ತಿದ್ದವನಿಗೆ ಈಗ ಎಂಟು ದಿನ ಕೂರುವ ಬಿಡುವು ಇರಲಿಲ್ಲ. ವಾರದಲ್ಲಿ ಎರಡು ದಿನ ಬೆಳಿಗ್ಗೆ ಐದರ ಬಸ್ಸಿಗೆ ಹೆಂಡತಿಯನ್ನು ಹತ್ತಿಸಿಕೊಂಡು ವಿಜಯಪುರಕ್ಕೆ ಹೋಗಿ, ಸಂಜೆ ಅವಳನ್ನು ಹೆಗಲಿಗೆ ಆನಿಸಿಕೊಂಡು ಬರುತ್ತಿದ್ದ. ಕೊನೆಗೆ ನಮ್ಮ ರಸ್ತೆಯ ಆಚೆ ಮಗ್ಗುಲಿಗೆ, ಹಾಳು ಬಿದ್ದ ಗೋದಾಮಿನ ಗೋಡೆಗೆ ಗಾಡಿ ಹಚ್ಚಿದ. ಅಲ್ಲಿ ಗಿಡವಿಲ್ಲ. ಕಚೇರಿಯ ಕಂಪೌಂಡು ಅಡ್ಡ ಬಂದು ಬಾಗಿಲೂ ಕಾಣುವುದಿಲ್ಲ. ಯಾರೂ ಬೇಡವೆಂದು ಬಿಟ್ಟ ಜಾಗ, ಅದಕ್ಕೇ ಅದು ಖಾಲಿ ಇತ್ತು.

ಎರಡನೆಯ ಸೋಮವಾರ ನಾನು ರಸ್ತೆ ದಾಟಿ ಹೋದೆ.

"ಮಾನಪ್ಪಾ, ತಕರಾರು ಕೊಡಾಕ ಹದಿನೈದ ದಿನದ ಮುದ್ದತ ಐತಿ. ಅರ್ಜಿ ಬರಕೊಡ್ತೇನಿ. ಹತ್ತೊಂಬತ್ತ ವರ್ಷದಿಂದ ಜಾಗಾ ನಿಂದಂತ."

ಅವನು ಚಹಾ ಸೋಸುತ್ತಿದ್ದ. "ಸಾಕ್ಷಿ ಯಾರ ಹಾಕತಾರ್ರಿ?" ಎಂದ.

 ನಮ್ಮ ಸಾಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದವನು ನಾನೊಬ್ಬನೇ. ನಾನು ಸಾಕ್ಷಿ ಹಾಕಿದರೆ ಮೊದಲು ಮಾಡಿದ ಸಹಿ ಸುಳ್ಳು ಎಂದು ನಾನೇ ಬರೆದುಕೊಟ್ಟಂತೆ. ನನ್ನ ಹೊಟ್ಟೆ ನಡೆಯುವುದೇ ಆ ಸಹಿಯ ಮೇಲೆ. ಮರಳಿ ಬಂದು ನೆರಳಿನಲ್ಲಿ ಕೂತೆ. ಅರ್ಜಿ ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಮಂದಿಯ ಅರ್ಜಿ ಐದು ನಿಮಿಷದಲ್ಲಿ ಬರೆಯುವವನಿಗೆ ಇದಕ್ಕೆ ಮೂರು ದಿನ ಹಿಡಿಯಿತು. ಮನೆಯಲ್ಲಿ ಹೆಂಡತಿ ಇಮಾಮಬಿ ಕೇಳಿ ಕೇಳಿ ಬೇಸತ್ತು ಕೊನೆಗೆ ಎಲ್ಲವನ್ನೂ ಬಾಯಿಬಿಡಿಸಿದಳು. ಕೇಳಿದ ಮೇಲೆ ಅವಳು ಒಂದೇ ಮಾತು ಆಡಿದಳು: "ಒಂದ ತಾಡಪತ್ರಿ ನಮಗ ತಗೊಳ್ಳಾಕ ಆಗತಿದ್ದಿಲ್ಲೇನ್ರಿ?"

ಇಪ್ಪತ್ತೇಳು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ.

ಮುದ್ದತಿನ ಕೊನೆಯ ಹಿಂದಿನ ದಿನ, 'ನಾನು ಗೊತ್ತಿದ್ದೂ ತಪ್ಪು ಸಹಿ ಮಾಡಿದ್ದೇನೆ' ಎಂದು ಸ್ಪಷ್ಟವಾಗಿ ಬರೆದು, ಬಾಲ ಎಳೆದು, ಎರಡು ಚುಕ್ಕಿ ಇಟ್ಟು, ಮಾನಪ್ಪನ ಹತ್ತಿರ ಅವನ ಹೆಸರು ಬರೆಸಿಕೊಂಡು ಪುರಸಭೆಗೆ ಕೊಟ್ಟುಬಂದೆ. ಕಾರಕೂನ ಎರಡೂ ಕಾಗದ ಪಕ್ಕಪಕ್ಕಕ್ಕೆ ಇಟ್ಟು ನೋಡಿದ.

"ಎರಡೂ ಸಹಿ ನಿಮ್ಮವ ಅದಾವಲ್ರಿ. ಇದರಾಗ ಖರೇ ಯಾವುದು?"

"ಎರಡನೇದು."

"ಮೂರನೇದ ಒಂದ ತರೂದಿಲ್ಲಂತ ಏನ್ ಖಾತ್ರಿ?" ಎಂದ. ಅಲ್ಲಿದ್ದವರು ನಕ್ಕರು. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಸಿಟ್ಟು ಬಂದರೂ ನುಂಗಿಕೊಂಡೆ. ಸಮಿತಿಯ ಮುಂದೆ ಇಡುತ್ತೇವೆ, ಸಮಿತಿ ಯಾವಾಗ ಕೂಡುತ್ತದೆ ಎಂದು ಈಗ ಹೇಳಲಾಗುವುದಿಲ್ಲ, ಅಲ್ಲಿಯ ತನಕ ಪಟ್ಟಿ ಹೇಗಿದೆಯೋ ಹಾಗೇ ಎಂದ.

ಸುದ್ದಿ ಸಂಜೆಯೊಳಗೆ ಸುನಂದಾಳಿಗೆ ಮುಟ್ಟಿತು. ಮಾರನೆಯ ದಿನ ತಾಡಪತ್ರಿ ಇತ್ತು, ನನ್ನ ಕಡೆಯ ಹಗ್ಗ ಬಿಚ್ಚಿತ್ತು.

"ನಾ ಕೇಳಿದ್ನೇನ್ ಕಾಕಾ ನಿಮ್ಮನ್ನ ಆರ ವರ್ಷ ಅನ್ರೀ ಅಂತ?" ಎಂದಳು. "ಸುಮ್ನ ಇದ್ದಿದ್ರ ನಾ ಖರೇ ಹೇಳಿ ಆ ಕಾಕಾನ್ನ ಕರಸತಿದ್ನಿ. ಈಗ ಅವರ ಮುಂದೂ ಸಣ್ಣಾಕಿ ಆದ್ನಿ, ಮಂದಿ ಮುಂದೂ ಕಳ್ಳಿ ಆದ್ನಿ."

 ಮೇಜು ಎತ್ತಿದೆ. ಮಾನಪ್ಪನ ವಿದ್ಯೆ ನನ್ನ ತಲೆಗೆ ಬಂತು: ನಿಂತವನು ಚಹಾ ಕುಡಿಯುತ್ತಾನೆ. ನನ್ನ ಮೇಜಿನ ಸುತ್ತ ದಿನಕ್ಕೆ ನಲವತ್ತು ಐವತ್ತು ಮಂದಿ ನಿಲ್ಲುತ್ತಾರೆ. ನಾನು ಎಲ್ಲಿ ಕೂತರೆ ಅವರು ಅಲ್ಲಿ ನಿಲ್ಲುತ್ತಾರೆ. ಹಾಗಿದ್ದ ಮೇಲೆ ಜಾಗ ಎಂದರೆ ನಾನೇ ಅಲ್ಲವೇ? ಮೇಜು, ಕುರ್ಚಿ ಎರಡನ್ನೂ ಆಚೆ ಮಗ್ಗುಲಿಗೆ ಒಯ್ದು ಮಾನಪ್ಪನ ಗಾಡಿಯ ಪಕ್ಕಕ್ಕೆ ಹಾಕಿದೆ. ದೊಡ್ಡ ಉಪಕಾರ ಮಾಡುವವನ ಹಾಗೆ ಎದೆ ಉಬ್ಬಿಸಿಕೊಂಡೇ ಕೂತೆ. ಮಾನಪ್ಪ ಒಮ್ಮೆ ನೋಡಿ ಹಾಲು ಒಲೆಗೆ ಇಟ್ಟ.

ಒಂಬತ್ತಾಯಿತು, ಹತ್ತಾಯಿತು. ಹನ್ನೊಂದಕ್ಕೆ ಬಿಸಿಲು ಗೋಡೆಗೆ ಹೊಡೆದು ತಿರುಗಿ ನಮ್ಮ ಮುಖಕ್ಕೆ ಬಂತು. ಕಚೇರಿಯ ಮಗ್ಗುಲಿಗೆ ನನ್ನ ಹಳೆಯ ಜಾಗದಲ್ಲಿ ಬೇರೊಬ್ಬ ಅರ್ಜಿ ಬರೆಯುವವನು ಸ್ಟೂಲು ಹಾಕಿಕೊಂಡಿದ್ದ. ಇಪ್ಪತ್ತು ವರ್ಷದಿಂದ ನನ್ನ ಹತ್ತಿರವೇ ಕಾಗದ ಮಾಡಿಸುತ್ತಿದ್ದ ಮಂದಿ ಬಂದರು, ಅತ್ತ ಇತ್ತ ನೋಡಿದರು, ಅವನ ಮುಂದೆ ನಿಂತರು. ಒಬ್ಬಿಬ್ಬರು ನನಗೆ ಕೈ ಎತ್ತಿ ನಮಸ್ಕಾರ ಮಾಡಿದರು. ರಸ್ತೆ ದಾಟಲಿಲ್ಲ. ಬಾಗಿಲು ಬಿಟ್ಟು ಬರಲು ಅವರಿಗೆ ಅಂಜಿಕೆ.

"ಅವರು ನಿಮ್ಮನ್ನ ಹುಡಿಕ್ಕೊಂಡ ಬರತಿದ್ರಂತ ತಿಳದಿದ್ರೇನ್ರಿ?" ಎಂದ ಮಾನಪ್ಪ. ಚುಚ್ಚಬೇಕೆಂದು ಅಂದದ್ದಲ್ಲ, ಲೆಕ್ಕ ಹೇಳಿದಂತೆ ಹೇಳಿದ. "ಅವರು ಬಾಗಿಲಕ್ಕ ಬರತಿದ್ರು. ನೀವೂ ನಾನೂ ಅದರ ಹಾದ್ಯಾಗ ಇದ್ವಿ."

ನಾಲ್ಕು ಗಂಟೆಗೆ ಅವನು ಒಲೆ ಆರಿಸಿದ. ಮಾರನೆಯ ದಿನ ಶುಕ್ರವಾರ, ವಿಜಯಪುರದ ಬಸ್ಸು. ಪಾತ್ರೆಯಲ್ಲಿ ಹಾಲು ಮುಕ್ಕಾಲು ಉಳಿದಿತ್ತು. ಕೊನೆಯ ಕಪ್ಪು ಸೋಸಿ ನನ್ನ ಮೇಜಿನ ಮೇಲೆ ಇಟ್ಟ. ದುಡ್ಡು ಇಟ್ಟೆ. ಹತ್ತೊಂಬತ್ತು ವರ್ಷದಲ್ಲಿ ದಿನದ ಕೊನೆಯ ಕಪ್ಪಿಗೆ ಅವನು ನನ್ನಿಂದ ದುಡ್ಡು ಹಿಡಿದವನಲ್ಲ. ಅವತ್ತು ತೆಗೆದುಕೊಂಡು ಕಿಸೆಗೆ ಹಾಕಿದ. ಹಾಕುವಾಗ ಕಿಸೆಯೊಳಗಿನ ಬೀಜಗಳು ಅಲುಗಾಡಿದ್ದು ಕೇಳಿಸಿತು. ಬೆಳಗಿನಿಂದ ಅವನು ಎಣಿಸುತ್ತಲೇ ಇದ್ದ.

"ಎಷ್ಟ ಮಂದಿ ನಿಂತ್ರೋ ಇವತ್ತ?" ಎಂದೆ.

ಮಾನಪ್ಪ ಬಲಗಡೆಯ ಕಿಸೆಯಲ್ಲಿ ಕೈ ಹಾಕಿ, ಇದ್ದಷ್ಟು ಬೀಜ ತೆಗೆದು ಅಂಗೈಯಲ್ಲಿ ನೋಡಿದ.

"ಮೂರ್ರಿ," ಎಂದ. "ನಿಮ್ಮನ್ನ ಹಿಡದು."